ವ್ಯಂಗ್ಯದ ಸಾಲನ್ನು ನೇರ ಮಾತಾಗಿ ತಿದ್ದುವುದು ಹೇಗೆ: ಬೇರೆ ಸಂಸ್ಕೃತಿಯ ಸಹೋದ್ಯೋಗಿಗೆ ಬರೆಯುವವರಿಗೆ ಹಂತಹಂತದ ಮಾರ್ಗದರ್ಶಿ

ಬೇರೆ ದೇಶದಲ್ಲಿ ಕುಳಿತು ನಮ್ಮೊಂದಿಗೆ ಕೆಲಸ ಮಾಡುವವರಿಗೆ ಬರೆದ ಇಮೇಲ್‌ನಲ್ಲಿ ಒಂದು ವ್ಯಂಗ್ಯದ ಸಾಲು ನುಸುಳಿದೆ, ಅದು ಅವರಿಗೆ ಅವಮಾನವೆನಿಸಬಹುದು ಎಂಬ ಅನುಮಾನವೂ ಬಂದಿದೆ ಎಂದುಕೊಳ್ಳೋಣ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದನ್ನು: ಸಾಲಿನ ಕೊನೆಗೆ ನಗುಮುಖದ ಚಿಹ್ನೆ ಹಾಕುತ್ತಾರೆ, ಇಲ್ಲವೇ ‘ದಯವಿಟ್ಟು’ ಎಂಬ ಪದವನ್ನು ಎಲ್ಲಿಯಾದರೂ ಸೇರಿಸುತ್ತಾರೆ. ಎರಡರಿಂದಲೂ ಸಾಲು ಸರಿಹೋಗುವುದಿಲ್ಲ. ವ್ಯಂಗ್ಯವಿರುವುದು ಸಾಲಿನ ಮೇಲ್ಮೈಯಲ್ಲಿ ಅಲ್ಲ, ಅದರ ರಚನೆಯಲ್ಲಿ. ಹೇಳಿದ್ದಕ್ಕೂ ಹೇಳಬೇಕಾದದ್ದಕ್ಕೂ ನಡುವೆ ಬರೆದವರು ಬೇಕೆಂದೇ ಬಿಟ್ಟಿರುವ ಅಂತರದಲ್ಲಿ. ಆ ಅಂತರವನ್ನು ಮುಚ್ಚುವುದೇ ಇಲ್ಲಿಯ ಕೆಲಸ, ಮತ್ತು ಅದಕ್ಕೆ ಒಂದು ಕ್ರಮವಿದೆ.

ಈ ಬರಹ ಒಂದೇ ಸನ್ನಿವೇಶಕ್ಕೆ ಸೀಮಿತವಾಗಿದೆ: ಕೆಲಸದ ವಿಷಯವಾಗಿ, ಲಿಖಿತ ರೂಪದಲ್ಲಿ, ನಮ್ಮ ಮಾತಿನ ರೂಢಿಯನ್ನು ಹಂಚಿಕೊಳ್ಳದ ಒಬ್ಬ ವ್ಯಕ್ತಿಗೆ ಕಳಿಸುವ ಸಂದೇಶ. ಎದುರುಬದುರಾಗಿ ಆಡುವ ಮಾತಿನಲ್ಲಿ ದನಿ, ಮುಖಭಾವ, ನಗು ಇವೆಲ್ಲ ನೆರವಿಗೆ ಬರುತ್ತವೆ. ಬರಹದಲ್ಲಿ ಅವು ಯಾವುವೂ ಇಲ್ಲ.

## ತೊಡಗುವ ಮುನ್ನ ಕೈಯಲ್ಲಿರಬೇಕಾದವು

ಮೊದಲನೆಯದಾಗಿ, ಸಂದೇಶವನ್ನು ಕಳಿಸುವ ಪೆಟ್ಟಿಗೆಯಿಂದ ಹೊರತೆಗೆದು ಬೇರೊಂದು ಕಡತದಲ್ಲಿ ಅಂಟಿಸಿಕೊಳ್ಳಿ, ಮತ್ತು ಸ್ವೀಕರಿಸುವವರ ವಿಳಾಸವನ್ನು ಅಳಿಸಿಬಿಡಿ. ಅರ್ಧ ತಿದ್ದಿದ ಸಾಲು ಬೆರಳು ತಾಗಿ ಹೊರಟುಹೋದರೆ ಮೂಲಕ್ಕಿಂತ ಕೆಟ್ಟದಾಗಿ ಓದಿಸಿಕೊಳ್ಳಬಹುದು. ಎರಡನೆಯದಾಗಿ, ಆ ವ್ಯಕ್ತಿಯೊಂದಿಗೆ ನಡೆದ ಹಿಂದಿನ ಮೂರು ನಾಲ್ಕು ಸಂದೇಶಗಳನ್ನು ತೆರೆದಿಟ್ಟುಕೊಳ್ಳಿ. ಏನನ್ನು ಒಪ್ಪಲಾಗಿತ್ತು, ಯಾವ ದಿನಾಂಕ ಹೇಳಲಾಗಿತ್ತು ಎಂಬುದನ್ನು ನೆನಪಿನಿಂದಲ್ಲ, ಅಲ್ಲಿಂದಲೇ ನೋಡಿಕೊಳ್ಳಬೇಕು. ಮೂರನೆಯದಾಗಿ, ಈ ಕೆಲಸದ ಹಿನ್ನೆಲೆ ಗೊತ್ತಿಲ್ಲದ ಒಬ್ಬ ಓದುಗರು ಬೇಕು. ಅವರು ಭಾಷಾತಜ್ಞರಾಗಿರಬೇಕಿಲ್ಲ, ನಿಮ್ಮ ಸಿಟ್ಟಿನಲ್ಲಿ ಪಾಲುದಾರರಾಗಿರದಿದ್ದರೆ ಸಾಕು.

## ಹಂತ 1: ಯಾವ ಸಾಲು ವ್ಯಂಗ್ಯ ಎಂದು ಗುರುತಿಸುವುದು

ಇದು ಸುಲಭವೆಂದು ತೋರುತ್ತದೆ, ಆದರೆ ಬರೆದವರಿಗೆ ಇದೇ ಕಷ್ಟ. ನಮ್ಮ ಸಾಲನ್ನು ನಾವು ಓದುವಾಗ ನಾವು ಉದ್ದೇಶಿಸಿದ ದನಿಯೇ ಕಿವಿಯಲ್ಲಿ ಕೇಳಿಸುತ್ತಿರುತ್ತದೆ. ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲೀ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಚೆನ್ನಾಗಿ ತೋರಿಸಿವೆ. ತಮ್ಮ ಸಾಲು ವ್ಯಂಗ್ಯವೋ ಗಂಭೀರವೋ ಎಂಬುದನ್ನು ಓದುಗರು ಸುಮಾರು ನೂರಕ್ಕೆ 78 ಸಲ ಸರಿಯಾಗಿ ಹಿಡಿಯುತ್ತಾರೆ ಎಂದು ಬರೆದವರು ನಿರೀಕ್ಷಿಸಿದ್ದರು; ಇಮೇಲ್ ಓದಿದವರು ಸರಿಯಾಗಿ ಹಿಡಿದದ್ದು ನೂರಕ್ಕೆ 56ರ ಆಸುಪಾಸು ಮಾತ್ರ. ಕಣ್ಣುಮುಚ್ಚಿ ಊಹಿಸಿದರೂ 50 ಸರಿಯಾಗುತ್ತದೆ ಎಂಬುದನ್ನು ನೆನೆದರೆ ಈ ಅಂಕಿಯ ತೂಕ ತಿಳಿಯುತ್ತದೆ. ರೂಢಿಯೂ ಬೇರೆ, ಓದುವ ಭಾಷೆಯೂ ಎರಡನೆಯ ಭಾಷೆ ಎಂದಾದಾಗ ಪರಿಸ್ಥಿತಿ ಇದಕ್ಕಿಂತ ಉತ್ತಮವಾಗಿರುತ್ತದೆ ಎಂದು ನಂಬಲು ಕಾರಣವಿಲ್ಲ.

ಆದ್ದರಿಂದ ಕಿವಿಯನ್ನು ನಂಬದೆ ಒಂದು ಸರಳ ಪ್ರಶ್ನೆಯನ್ನು ಪ್ರತಿ ವಾಕ್ಯಕ್ಕೂ ಹಾಕಿ: ಪದಶಃ ತೆಗೆದುಕೊಂಡರೆ ಈ ವಾಕ್ಯ ನಿಜವೇ? ನಿಜವಲ್ಲದಿದ್ದರೆ, ಅಥವಾ ನಿಜವಾಗಿದ್ದರೂ ಅದನ್ನು ಹೇಳುವ ಅಗತ್ಯವೇ ಇಲ್ಲದಿದ್ದರೆ, ಅದಕ್ಕೊಂದು ಗುರುತು ಹಾಕಿ. ಹೊಗಳಿಕೆಯ ರೂಪದ ತೆಗಳಿಕೆ, ಅಂದರೆ ನಿಂದಾಸ್ತುತಿಯನ್ನು ತಿರುಗಿಸಿದ ಬಗೆ, ಈ ಪ್ರಶ್ನೆಗೆ ತಕ್ಷಣ ಸಿಕ್ಕಿಬೀಳುತ್ತದೆ. ಅತಿಶಯೋಕ್ತಿಯೂ ಸಿಗುತ್ತದೆ. ಉತ್ತರ ಬೇಡದ ಪ್ರಶ್ನೆಗಳಿಗೆ ಈ ಪ್ರಶ್ನೆಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕು: ‘ಇದಕ್ಕೆ ಉತ್ತರ ಬಂದರೆ ನನಗೆ ಉಪಯೋಗವಿದೆಯೇ?’

ಹೆಚ್ಚು ಎಚ್ಚರ ಬೇಕಾದದ್ದು ಪ್ರತಿಧ್ವನಿಯ ವ್ಯಂಗ್ಯಕ್ಕೆ. ಎದುರಿನವರು ಹಿಂದೆ ಹೇಳಿದ ಮಾತನ್ನೇ ಅವರಿಗೆ ಮರಳಿಸುವ ಬಗೆ ಇದು. ಅವರು ‘ಇದು ಸಣ್ಣ ಬದಲಾವಣೆ’ ಎಂದು ಬರೆದಿದ್ದರು, ಆ ಬದಲಾವಣೆಯಿಂದ ಎರಡು ದಿನದ ಕೆಲಸ ಹೆಚ್ಚಾಯಿತು, ನೀವು ‘ನಿಮ್ಮ ಸಣ್ಣ ಬದಲಾವಣೆ ಮುಗಿಸಿದ್ದೇವೆ’ ಎಂದು ಬರೆದಿರಿ. ಪದಶಃ ಇದರಲ್ಲಿ ಸುಳ್ಳೇನೂ ಇಲ್ಲ. ಆದರೂ ವ್ಯಂಗ್ಯವೆಂಬುದು ಬೇರೊಬ್ಬರ ಮಾತನ್ನು ಅಥವಾ ನಿರೀಕ್ಷೆಯನ್ನು ದೂರವಿಟ್ಟು ಪುನರುಚ್ಚರಿಸುವುದು ಎಂದು ಭಾಷೆಯ ಬಳಕೆಯನ್ನು ಅಧ್ಯಯನ ಮಾಡಿದ ವಿದ್ವಾಂಸರಾದ ಡಾನ್ ಸ್ಪರ್ಬರ್ ಮತ್ತು ಡೇರ್‌ಡ್ರಾ ವಿಲ್ಸನ್ 1981ರಲ್ಲಿ ಮಂಡಿಸಿದ ವಿವರಣೆ ಈ ಸಾಲಿಗೆ ಸರಿಯಾಗಿ ಹೊಂದುತ್ತದೆ. ಪ್ರತಿಧ್ವನಿಯನ್ನು ಓದುಗರು ಗುರುತಿಸಿದರೆ ತಮ್ಮನ್ನೇ ಅಣಕಿಸಿದ್ದಾರೆ ಎಂದು ನೊಂದುಕೊಳ್ಳುತ್ತಾರೆ. ಗುರುತಿಸದಿದ್ದರೆ ಆ ಬದಲಾವಣೆ ನಿಜಕ್ಕೂ ಸಣ್ಣದೇ ಆಗಿತ್ತು ಎಂದು ತಿಳಿದು ಮುಂದಿನ ವಾರ ಇನ್ನೊಂದನ್ನು ಕೇಳುತ್ತಾರೆ.

## ಹಂತ 2: ಸಾಲನ್ನು ಮೂರು ಪಾಲಾಗಿ ಒಡೆಯುವುದು

ಇಡೀ ಕೆಲಸದ ತಿರುಳು ಇಲ್ಲಿದೆ, ಆದ್ದರಿಂದ ಒಂದು ಉದಾಹರಣೆಯನ್ನು ಕೊನೆಯವರೆಗೂ ಜೊತೆಗಿಟ್ಟುಕೊಂಡು ಹೋಗೋಣ.

ಎರಡು ದೇಶಗಳ ಎರಡು ತಂಡಗಳು ಸೇರಿ ಒಂದು ವಾರ್ಷಿಕ ವರದಿ ಸಿದ್ಧಪಡಿಸುತ್ತಿವೆ. ಅಂಕಿಅಂಶಗಳ ಪಟ್ಟಿ ಸೋಮವಾರ ಬರಬೇಕಿತ್ತು, ಗುರುವಾರ ಬಂತು. ಬಂದ ಪಟ್ಟಿಯಲ್ಲಿ ಎರಡು ಕಾಲಂಗಳು ಖಾಲಿ ಇದ್ದವು. ವರದಿಯನ್ನು ಮುಂದಿನ ಮಂಗಳವಾರ ಮುದ್ರಣಕ್ಕೆ ಕೊಡಬೇಕಿದೆ. ಪಟ್ಟಿಗಾಗಿ ಕಾದು ಕುಳಿತವರು ಹೀಗೆ ಬರೆದರು:

> ಇಷ್ಟು ಬೇಗ ಕಳಿಸಿದ್ದಕ್ಕೆ ತುಂಬಾ ಧನ್ಯವಾದಗಳು! ಖಾಲಿ ಇರುವ ಎರಡು ಕಾಲಂಗಳನ್ನು ನಾವೇ ಊಹಿಸಿ ತುಂಬಿಕೊಳ್ಳುತ್ತೇವೆ, ಚಿಂತೆ ಬೇಡ.

ಈ ಸಾಲು ಎರಡು ಬೇರೆ ಬೇರೆ ರೀತಿಯಲ್ಲಿ ಕೆಡಬಹುದು. ಓದುವವರು ವ್ಯಂಗ್ಯವನ್ನು ಹಿಡಿದರೆ, ತಮ್ಮನ್ನು ಸೋಮಾರಿ ಎಂದು ಬಗೆದು ಕೆಣಕಿದ್ದಾರೆ ಎಂದು ಓದಿಕೊಳ್ಳುತ್ತಾರೆ. ಹಿಡಿಯದಿದ್ದರೆ ಇನ್ನೊಂದು ಅನಾಹುತ: ಧನ್ಯವಾದವನ್ನು ಧನ್ಯವಾದವೆಂದೇ ಸ್ವೀಕರಿಸಿ, ಕಾಲಂಗಳನ್ನು ಈ ಕಡೆಯವರೇ ತುಂಬಿಕೊಳ್ಳುತ್ತಾರೆಂದು ನಂಬಿ, ಬೇರೆ ಕೆಲಸಕ್ಕೆ ಹೊರಡುತ್ತಾರೆ. ಸೋಮವಾರ ಬಂದರೂ ಕಾಲಂಗಳು ಖಾಲಿಯೇ ಇರುತ್ತವೆ. ತಿದ್ದುವವರು ಸಾಮಾನ್ಯವಾಗಿ ಮೊದಲನೆಯ ಅಪಾಯವನ್ನು ಮಾತ್ರ ನೋಡುತ್ತಾರೆ. ತಿದ್ದಿದ ಸಾಲು ಎರಡೂ ಅಪಾಯಗಳಿಂದ ಪಾರಾಗಬೇಕು.

ಈಗ ಸಾಲನ್ನು ಕಾಗದದ ಮೇಲೆ ಮೂರು ಪಾಲು ಮಾಡಿ ಬರೆಯಿರಿ.

ಮೊದಲ ಪಾಲು, ನಡೆದದ್ದು. ಕ್ಯಾಮೆರಾದಲ್ಲಿ ಕಾಣಿಸುವಂಥದ್ದು ಮಾತ್ರ ಇಲ್ಲಿ ಬರಬೇಕು. ‘ಪಟ್ಟಿ ಸೋಮವಾರದ ಬದಲು ಗುರುವಾರ ಬಂತು. ಎರಡು ಕಾಲಂಗಳಲ್ಲಿ ಅಂಕಿಗಳಿಲ್ಲ.’ ಇಷ್ಟೇ. ‘ಅರೆಬರೆ ಪಟ್ಟಿ ಕಳಿಸಿದರು’ ಎಂದು ಬರೆದರೆ ಆಗಲೇ ತೀರ್ಪು ಒಳಬಂದಿದೆ.

ಎರಡನೆಯ ಪಾಲು, ತೀರ್ಪು. ನಿಮ್ಮ ಮನಸ್ಸಿನಲ್ಲಿರುವುದನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಬರೆಯಿರಿ: ‘ಇವರಿಗೆ ನಮ್ಮ ಗಡುವಿನ ಬಗ್ಗೆ ಲಕ್ಷ್ಯವಿಲ್ಲ.’ ಈ ಕಾಗದ ಯಾರಿಗೂ ಹೋಗುವುದಿಲ್ಲ. ಬರೆದುಬಿಡುವುದರ ಉಪಯೋಗವೇನೆಂದರೆ, ಬರೆಯದೆ ಬಿಟ್ಟ ತೀರ್ಪು ತಿದ್ದಿದ ಸಾಲಿನೊಳಗೆ ಯಾವುದಾದರೂ ಸಣ್ಣ ಪದದ ವೇಷದಲ್ಲಿ ಮರಳಿ ಬರುತ್ತದೆ.

ಮೂರನೆಯ ಪಾಲು, ಬೇಡಿಕೆ. ಓದಿದ ಮೇಲೆ ಎದುರಿನವರು ಏನು ಮಾಡಬೇಕು? ‘ಎರಡು ಕಾಲಂಗಳ ಅಂಕಿಗಳನ್ನು ಸೋಮವಾರದೊಳಗೆ ಕಳಿಸಬೇಕು.’ ಮೂಲ ಸಾಲಿನಲ್ಲಿ ಈ ಪಾಲು ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ. ಇಲ್ಲದಿರುವುದಷ್ಟೇ ಅಲ್ಲ, ಅದರ ವಿರುದ್ಧವನ್ನೇ ಅಲ್ಲಿ ಹೇಳಲಾಗಿದೆ. ವ್ಯಂಗ್ಯದ ಸಾಲುಗಳಲ್ಲಿ ಇದು ತೀರಾ ಸಾಮಾನ್ಯ. ಮನಸ್ಸಿನ ಅಸಮಾಧಾನ ಹೊರಬಂದ ಕೂಡಲೇ ಬೇಡಿಕೆಯನ್ನೂ ತಿಳಿಸಿದ್ದೇವೆ ಎಂಬ ಭ್ರಮೆ ಬರೆದವರಿಗೆ ಹುಟ್ಟುತ್ತದೆ.

ಮೂರನೆಯ ಪಾಲಿನಲ್ಲಿ ಏನೂ ಬರೆಯಲಾಗದಿದ್ದರೆ ಅಲ್ಲಿಯೇ ನಿಲ್ಲಿ. ಬೇಡಿಕೆಯಿಲ್ಲದ ವ್ಯಂಗ್ಯದ ಸಾಲನ್ನು ತಿದ್ದುವ ಅಗತ್ಯವಿಲ್ಲ, ಅಳಿಸಿದರೆ ಸಾಕು. ಗುರುತು ಹಾಕಿದ ಸಾಲುಗಳಲ್ಲಿ ಅನೇಕವು ಇಲ್ಲಿಯೇ ಮುಗಿದುಹೋಗುತ್ತವೆ.

## ಹಂತ 3: ತೀರ್ಪನ್ನು ಏನು ಮಾಡಬೇಕೆಂದು ನಿರ್ಧರಿಸುವುದು

ಮೊದಲ ಮತ್ತು ಮೂರನೆಯ ಪಾಲು ಸಂದೇಶದಲ್ಲಿ ಉಳಿಯುತ್ತವೆ. ಎರಡನೆಯದರ ಬಗ್ಗೆ ನಿರ್ಧಾರ ಬೇಕು, ಮತ್ತು ಆ ನಿರ್ಧಾರವನ್ನು ಬರೆಯತೊಡಗುವ ಮುನ್ನವೇ ಮಾಡಬೇಕು.

ಇದು ಮೊದಲ ಸಲ ನಡೆದದ್ದಾದರೆ ತೀರ್ಪನ್ನು ಬಿಟ್ಟುಬಿಡಿ. ತಡವಾದದ್ದಕ್ಕೆ ಕಾರಣ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದ ಕಾರಣದ ಮೇಲೆ ನಿಂತ ತೀರ್ಪು ಮುಂದೆ ತಪ್ಪೆಂದು ತಿಳಿದುಬಂದರೆ ತಲೆತಗ್ಗಿಸಬೇಕಾದವರು ನೀವೇ. ಪದೇಪದೇ ನಡೆಯುತ್ತಿರುವ ವಿಷಯವಾದರೆ ತೀರ್ಪಿಗೆ ಸ್ಥಾನವಿದೆ, ಆದರೆ ಈ ಸಂದೇಶದಲ್ಲಿ ಅಲ್ಲ. ಅದನ್ನು ಪ್ರತ್ಯೇಕವಾಗಿ, ಆ ವ್ಯಕ್ತಿಯೊಬ್ಬರಿಗೇ, ಸಾಧ್ಯವಾದರೆ ಮಾತಿನ ಮೂಲಕ, ಮತ್ತು ಸ್ವಭಾವದ ಮಾತಾಗಿ ಅಲ್ಲದೆ ಘಟನೆಗಳ ಸಾಲಾಗಿ ಹೇಳಬೇಕು: ‘ಕಳೆದ ಮೂರು ಪಟ್ಟಿಗಳೂ ಗಡುವಿನ ನಂತರ ಬಂದವು, ದಿನಾಂಕಗಳನ್ನು ಬೇರೆ ರೀತಿ ಗೊತ್ತುಮಾಡಿಕೊಳ್ಳೋಣವೇ?’ ಇತರರಿಗೂ ಪ್ರತಿ ಹೋಗುವ ಸಂದೇಶದಲ್ಲಿ ತೀರ್ಪನ್ನು ಇಡುವುದು ಬಹುತೇಕ ಎಲ್ಲೆಡೆ ಮುಖಭಂಗವೆಂದೇ ಪರಿಗಣಿತವಾಗುತ್ತದೆ. ಕೆಲವು ಸಮಾಜಗಳಲ್ಲಿ ಅದರ ಗಾಯ ಬಹಳ ಕಾಲ ಮಾಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಆ ದೇಶದವರು ಹೀಗೆ, ಈ ದೇಶದವರು ಹಾಗೆ ಎಂಬ ಪಟ್ಟಿಗಳನ್ನು ನಂಬಿ ನಿರ್ಧರಿಸಬೇಡಿ. ಒಂದೇ ದೇಶದೊಳಗೆ ವ್ಯಂಗ್ಯವನ್ನು ಸಲುಗೆಯೆಂದು ಕಾಣುವವರೂ ಇರುತ್ತಾರೆ, ಸೈರಿಸದವರೂ ಇರುತ್ತಾರೆ. ನಿಮ್ಮ ಮುಂದಿರುವ ಹಿಂದಿನ ಸಂದೇಶಗಳೇ ಹೆಚ್ಚು ನಂಬಲರ್ಹ: ಈ ವ್ಯಕ್ತಿ ನಿಮಗೆ ಎಂದಾದರೂ ವ್ಯಂಗ್ಯವಾಗಿ ಬರೆದಿದ್ದಾರೆಯೇ? ಬರೆದಿಲ್ಲವಾದರೆ ನೀವು ಮೊದಲಿಗರಾಗುವ ಅಗತ್ಯವಿಲ್ಲ.

## ಹಂತ 4: ಹೊಸ ಸಾಲನ್ನು ಬರೆಯುವುದು

ಮೂಲ ಸಾಲನ್ನು ತಿದ್ದುತ್ತಾ ಹೋಗಬೇಡಿ. ಅದನ್ನು ಮುಚ್ಚಿಟ್ಟು, ಕಾಗದದ ಮೇಲಿನ ಒಂದನೆಯ ಮತ್ತು ಮೂರನೆಯ ಪಾಲನ್ನು ಮಾತ್ರ ನೋಡಿಕೊಂಡು ಹೊಸದಾಗಿ ಬರೆಯಿರಿ. ಮೂಲ ಕಣ್ಣೆದುರು ಇದ್ದರೆ ಅದರ ಲಯವೇ ಹೊಸ ಸಾಲನ್ನೂ ಹಿಡಿದುಕೊಳ್ಳುತ್ತದೆ.

ಕ್ರಮ ಹೀಗಿರಲಿ: ಬಂದದ್ದೇನು, ಇಲ್ಲದ್ದೇನು, ಅದರಿಂದ ಏನು ನಿಂತಿದೆ, ಏನು ಯಾವಾಗ ಬೇಕು, ಸಾಧ್ಯವಾಗದಿದ್ದರೆ ಏನು ಮಾಡಬೇಕು. ನಮ್ಮ ಉದಾಹರಣೆ ಹೀಗಾಗುತ್ತದೆ:

> ಅಂಕಿಅಂಶಗಳ ಪಟ್ಟಿ ಇಂದು ತಲುಪಿತು, ಧನ್ಯವಾದಗಳು. ಅದರಲ್ಲಿ 4ನೇ ಮತ್ತು 7ನೇ ಕಾಲಂಗಳು ಖಾಲಿ ಇವೆ. ವರದಿ ಮುಂದಿನ ಮಂಗಳವಾರ ಮುದ್ರಣಕ್ಕೆ ಹೋಗಲಿದ್ದು, ಆ ಅಂಕಿಗಳು ಬಂದ ಮೇಲೆಯೇ ಕೊನೆಯ ಅಧ್ಯಾಯವನ್ನು ಮುಗಿಸಬಹುದು. ಸೋಮವಾರ ನಿಮ್ಮ ಸಮಯದ ಮಧ್ಯಾಹ್ನ 12 ಗಂಟೆಯೊಳಗೆ ಅವನ್ನು ಕಳಿಸಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ನಾಳೆಯೇ ತಿಳಿಸಿ. ಆ ಅಧ್ಯಾಯವನ್ನು ಬೇರೆ ರೀತಿ ರೂಪಿಸುವ ಬಗ್ಗೆ ಮಾತಾಡೋಣ.

ಈ ಸಂದೇಶದಲ್ಲಿ ಮಾಡಿರುವ ಆಯ್ಕೆಗಳಿಗೆ ಒಂದೊಂದು ಕಾರಣವಿದೆ. ಧನ್ಯವಾದ ಉಳಿದಿದೆ, ಆದರೆ ನಿಜವಾಗಿ ನಡೆದದ್ದಕ್ಕೆ ಮಾತ್ರ: ಪಟ್ಟಿ ತಲುಪಿದ್ದಕ್ಕೆ. ‘ಬೇಗ’, ‘ತುಂಬಾ’ ಎಂಬ ಪದಗಳೂ ಉದ್ಗಾರ ಚಿಹ್ನೆಯೂ ಹೋಗಿವೆ. ಧನ್ಯವಾದವನ್ನು ಪೂರ್ತಿ ಕಿತ್ತುಹಾಕಿದರೂ ತಪ್ಪಾಗುತ್ತಿತ್ತು, ಏಕೆಂದರೆ ಹಿಂದಿನ ಸಂದೇಶಗಳಲ್ಲೆಲ್ಲ ಇದ್ದ ಒಂದು ಮರ್ಯಾದೆಯ ಮಾತು ಈ ಸಲ ಕಾಣೆಯಾದರೆ ಅದೂ ಒಂದು ಸಂದೇಶವೇ.

ಖಾಲಿ ಕಾಲಂಗಳ ವಾಕ್ಯದ ಕರ್ತೃ ಕಾಲಂಗಳೇ ಹೊರತು ‘ನೀವು’ ಅಲ್ಲ. ‘ನೀವು ಎರಡು ಕಾಲಂ ಬಿಟ್ಟಿದ್ದೀರಿ’ ಎಂಬಲ್ಲಿ ಬೊಟ್ಟು ವ್ಯಕ್ತಿಯ ಕಡೆಗಿದೆ. ‘ಕಾಲಂಗಳು ಖಾಲಿ ಇವೆ’ ಎಂಬಲ್ಲಿ ವಸ್ತುವಿನ ಕಡೆಗಿದೆ. ಬೇಡಿಕೆಯ ವಾಕ್ಯದಲ್ಲಿ ಮಾತ್ರ ಇದನ್ನು ತಿರುಗಿಸಬೇಕು: ಯಾರು ಮಾಡಬೇಕು ಎಂಬುದು ಅಲ್ಲಿ ಮಸುಕಾಗಬಾರದು. ‘ಅಂಕಿಗಳನ್ನು ಒದಗಿಸಿದರೆ ಒಳ್ಳೆಯದಾಗುತ್ತಿತ್ತು’ ಎಂಬ ಅತಿ ಮೆದು ವಾಕ್ಯ ಓದಿದವರಿಗೆ ಇದು ತಮ್ಮ ಕೆಲಸವೆಂದು ತಿಳಿಯದೆ ಹೋಗಬಹುದು. ವ್ಯಂಗ್ಯದಿಂದ ಹೆದರಿ ಹಿಂದೆ ಸರಿದವರು ಇಂಥ ಮಸುಕು ಮಾತಿನಲ್ಲಿ ಅಡಗಿಕೊಳ್ಳುವುದನ್ನು ಮತ್ತೆಮತ್ತೆ ಕಾಣುತ್ತೇವೆ.

ಕಾಲಂಗಳ ಸಂಖ್ಯೆ, ವಾರ, ಗಂಟೆ ಮತ್ತು ಯಾರ ಸಮಯ ಎಂಬ ವಿವರಗಳು ಅಲಂಕಾರಕ್ಕಲ್ಲ. ವಿವರವಿರುವ ವಾಕ್ಯದಲ್ಲಿ ಓದುಗರು ಒಳಾರ್ಥ ಹುಡುಕುವುದು ಕಡಿಮೆ, ಏಕೆಂದರೆ ಹುಡುಕಬೇಕಾದ ಅಂತರವೇ ಅಲ್ಲಿ ಉಳಿದಿರುವುದಿಲ್ಲ. ಮತ್ತು ಕೊನೆಯಲ್ಲಿ ಬರುವ ‘ಸಾಧ್ಯವಿಲ್ಲದಿದ್ದರೆ’ ಎಂಬ ಮಾತು, ಇಲ್ಲ ಎನ್ನಲು ಒಂದು ದಾರಿ ತೆರೆದಿಡುತ್ತದೆ. ನೇರವಾಗಿ ಇಲ್ಲ ಎನ್ನುವುದು ಅಸಭ್ಯವೆಂದು ಬೆಳೆದವರಿಗೆ ಈ ದಾರಿ ಇಲ್ಲದಿದ್ದರೆ, ಆಗದ ಕೆಲಸಕ್ಕೂ ಹೂಂ ಎಂದುಬಿಡುವ ಒತ್ತಡ ಬೀಳುತ್ತದೆ.

ತಡವಾದದ್ದರ ಬಗ್ಗೆ ಒಂದು ಮಾತೂ ಇಲ್ಲವಲ್ಲ ಎಂದು ಕೇಳಬಹುದು. ಅದನ್ನು ಬೇಕೆಂದೇ ಬಿಡಲಾಗಿದೆ. ಗುರುವಾರವನ್ನು ಸೋಮವಾರವಾಗಿಸಲು ಯಾರಿಂದಲೂ ಆಗದು; ಈಗ ಬದಲಿಸಬಹುದಾದದ್ದು ಖಾಲಿ ಕಾಲಂಗಳು ಮಾತ್ರ. ತಡವಾದದ್ದೇ ಮುಖ್ಯ ವಿಷಯವಾಗಿದ್ದರೆ, ಹಂತ 3ರಲ್ಲಿ ಹೇಳಿದ ಪ್ರತ್ಯೇಕ ಮಾತುಕತೆಗೆ ಅದನ್ನು ಇಟ್ಟುಕೊಳ್ಳಬೇಕು.

## ಹಂತ 5: ಉಳಿದ ಮುಳ್ಳುಗಳನ್ನು ಕೀಳುವುದು

ವ್ಯಂಗ್ಯದ ವಾಕ್ಯ ಹೋದ ಮೇಲೂ ಅದರ ಚೂರುಗಳು ಸುತ್ತಲಿನ ವಾಕ್ಯಗಳಲ್ಲಿ ಉಳಿದಿರುತ್ತವೆ. ಕನ್ನಡದಲ್ಲಿ ಯೋಚಿಸಿ ಬರೆಯುವವರು ಮುಖ್ಯವಾಗಿ ‘ಅಂತೂ’, ‘ಕೊನೆಗೂ’, ‘ಈಗಲಾದರೂ’, ‘ಇಷ್ಟಾದರೂ’, ‘ಪಾಪ’ ಎಂಬ ಪದಗಳನ್ನು ಹುಡುಕಬೇಕು. ‘ಪಟ್ಟಿ ತಲುಪಿತು’ ಎಂಬುದು ಸುದ್ದಿ. ‘ಅಂತೂ ಪಟ್ಟಿ ತಲುಪಿತು’ ಎಂಬುದು ದೂರು. ಸಂದೇಶವನ್ನು ಬೇರೆ ಭಾಷೆಯಲ್ಲಿ ಬರೆದರೂ ಈ ಪದಗಳ ಸಮಾನಾರ್ಥಕಗಳು ನಮಗರಿವಿಲ್ಲದೆ ಬಂದು ಕೂರುತ್ತವೆ. ‘ನಾನು ಮೊದಲೇ ತಿಳಿಸಿದಂತೆ’ ಎಂಬ ಪದಗುಚ್ಛವೂ ಇದೇ ಜಾತಿಯದು. ಹಿಂದಿನ ಮಾತನ್ನು ನೆನಪಿಸುವುದು ನಿಜಕ್ಕೂ ಅಗತ್ಯವಿದ್ದರೆ ‘3ನೇ ತಾರೀಖಿನ ಇಮೇಲ್‌ನಲ್ಲಿರುವ ಪಟ್ಟಿಯನ್ನು ನೋಡಿ’ ಎಂದು ಸ್ಥಳ ತೋರಿಸಿದರೆ ಮುಗಿಯಿತು.

ಉದ್ಧರಣ ಚಿಹ್ನೆಗಳನ್ನೂ ಪರೀಕ್ಷಿಸಿ. ಅವರ ಪದವನ್ನು ಚಿಹ್ನೆಯೊಳಗಿಟ್ಟರೆ ಆ ಪದವನ್ನು ನೀವು ಒಪ್ಪುವುದಿಲ್ಲ ಎಂದು ಓದಿಸಿಕೊಳ್ಳುತ್ತದೆ. ಹಾಗೆಯೇ ಮರ್ಯಾದೆಯ ಮಟ್ಟ. ಹಿಂದಿನ ಎಲ್ಲ ಸಂದೇಶಗಳಲ್ಲಿ ‘ನೀವು’ ಎಂದಿದ್ದವರು ಈ ಒಂದರಲ್ಲಿ ‘ತಾವು’ ಎಂದರೆ, ಹೆಸರು ಹಿಡಿದು ಕರೆಯುತ್ತಿದ್ದವರು ಇದ್ದಕ್ಕಿದ್ದಂತೆ ಪದವಿಯನ್ನು ಸೇರಿಸಿ ಕರೆದರೆ, ಹೆಚ್ಚಿದ ಗೌರವವೇ ಚುಚ್ಚುತ್ತದೆ. ಹೊಸ ಸಂದೇಶದ ಸಂಬೋಧನೆಯೂ ಮುಕ್ತಾಯವೂ ಹಿಂದಿನವುಗಳಂತೆಯೇ ಇರಬೇಕು.

ನಗುಮುಖದ ಚಿಹ್ನೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ದೂರಿನ ಪಕ್ಕದಲ್ಲಿ ಅದನ್ನು ಎಂದೂ ಇಡಬಾರದು. ನೇರ ಸಾಲಿಗೆ ಅದು ಬೇಕಾಗಿಲ್ಲ. ವ್ಯಂಗ್ಯದ ಸಾಲಿಗೆ ಸೇರಿಸಿದರೆ, ಬರೆದವರಿಗೆ ಸ್ನೇಹದ ನಗುವಾಗಿ ಕಂಡದ್ದು ಓದಿದವರಿಗೆ ಗೇಲಿಯ ನಗುವಾಗಿ ಕಾಣುವ ಸಾಧ್ಯತೆ ಅಷ್ಟೇ ಇದೆ.

## ಹಂತ 6: ಕಳಿಸುವ ಮುನ್ನ ಪರೀಕ್ಷಿಸುವುದು

ಮೊದಲ ಪರೀಕ್ಷೆ ನೀವೇ ಮಾಡುವಂಥದ್ದು. ಹೊಸ ಸಂದೇಶವನ್ನು ಗಟ್ಟಿಯಾಗಿ, ನೀವು ಉದ್ದೇಶಿಸಿದ್ದಕ್ಕೆ ವಿರುದ್ಧವಾದ ದನಿಯಲ್ಲಿ ಓದಿ. ನೇರವಾಗಿ ಬರೆದಿದ್ದೀರಿ, ಆದ್ದರಿಂದ ಅಣಕದ ದನಿಯಲ್ಲಿ ಓದಿ ನೋಡಿ. ಯಾವ ವಾಕ್ಯ ಆ ದನಿಗೆ ಸುಲಭವಾಗಿ ಒಗ್ಗುತ್ತದೆಯೋ ಅದರಲ್ಲಿ ಇನ್ನೂ ಏನೋ ಉಳಿದಿದೆ. ಮೇಲೆ ಹೇಳಿದ ಪ್ರಯೋಗಗಳಲ್ಲಿಯೂ ಇಂಥದ್ದೇ ಒಂದು ಭಾಗವಿತ್ತು: ತಮ್ಮ ಸಾಲುಗಳನ್ನು ಉದ್ದೇಶಕ್ಕೆ ವಿರುದ್ಧವಾದ ದನಿಯಲ್ಲಿ ಗಟ್ಟಿಯಾಗಿ ಓದಿದವರಲ್ಲಿ, ಎಲ್ಲರಿಗೂ ಅರ್ಥವಾಗುತ್ತದೆ ಎಂಬ ಅತಿವಿಶ್ವಾಸ ಇಳಿದಿತ್ತು. ನಮ್ಮ ಉದಾಹರಣೆಯ ‘4ನೇ ಮತ್ತು 7ನೇ ಕಾಲಂಗಳು ಖಾಲಿ ಇವೆ’ ಎಂಬುದನ್ನು ಅಣಕಿಸುತ್ತಾ ಓದಲು ಪ್ರಯತ್ನಿಸಿ. ವಾಕ್ಯ ಅದಕ್ಕೆ ಒಗ್ಗುವುದಿಲ್ಲ. ‘ಇಷ್ಟು ಬೇಗ ಕಳಿಸಿದ್ದಕ್ಕೆ’ ಎಂಬುದನ್ನು ಎರಡು ದನಿಯಲ್ಲಿಯೂ ಸರಾಗವಾಗಿ ಓದಬಹುದು. ಅಪಾಯವಿರುವುದು ಇಂಥ ವಾಕ್ಯದಲ್ಲಿಯೇ.

ಎರಡನೆಯ ಪರೀಕ್ಷೆಗೆ ಆ ಹೊರಗಿನ ಓದುಗರನ್ನು ಕರೆಯಿರಿ. ಅವರಿಗೆ ಹಿನ್ನೆಲೆ ಹೇಳಬೇಡಿ. ‘ಇದು ಸರಿಯಿದೆಯೇ?’ ಎಂದೂ ಕೇಳಬೇಡಿ, ಆ ಪ್ರಶ್ನೆಗೆ ಎಲ್ಲರೂ ಸರಿಯಿದೆ ಎಂದೇ ಹೇಳುತ್ತಾರೆ. ‘ಇದನ್ನು ಪಡೆದವರು ಈಗ ಏನು ಮಾಡಬೇಕು? ಬರೆದವರು ಅವರ ಬಗ್ಗೆ ಏನು ಯೋಚಿಸುತ್ತಿದ್ದಾರೆ?’ ಎಂದು ಕೇಳಿ. ಮೊದಲ ಪ್ರಶ್ನೆಗೆ ಖಚಿತ ಉತ್ತರವೂ ಎರಡನೆಯದಕ್ಕೆ ‘ಗೊತ್ತಾಗುವುದಿಲ್ಲ’ ಎಂಬ ಉತ್ತರವೂ ಬಂದರೆ ಸಂದೇಶ ಸಿದ್ಧವಾಗಿದೆ. ಉತ್ತರಗಳು ಅದಲುಬದಲಾದರೆ ಹಂತ 2ಕ್ಕೆ ಮರಳಬೇಕು.

## ಸ್ನೇಹದ ವ್ಯಂಗ್ಯವಾದರೆ ಕ್ರಮ ಬದಲಾಗುತ್ತದೆ

ಎಲ್ಲ ವ್ಯಂಗ್ಯವೂ ದೂರಲ್ಲ. ತೆಗಳಿಕೆಯ ರೂಪದಲ್ಲಿ ಹೊಗಳುವುದೂ ಇದೆ: ‘ನೀವು ಹೀಗೆ ಒಂದೇ ದಿನದಲ್ಲಿ ಮುಗಿಸುತ್ತಾ ಹೋದರೆ ನಮ್ಮೆಲ್ಲರ ಕೆಲಸಕ್ಕೆ ಕುತ್ತು, ಸ್ವಲ್ಪ ನಿಧಾನಿಸಿ.’ ಸಲುಗೆಯಿರುವವರ ನಡುವೆ ಇದು ದೊಡ್ಡ ಮೆಚ್ಚುಗೆ. ರೂಢಿ ಹಂಚಿಕೊಳ್ಳದ ಓದುಗರಿಗೆ ಇದು ಎಚ್ಚರಿಕೆಯಾಗಿ, ಇನ್ನೂ ಕೆಟ್ಟದೆಂದರೆ ನಿಧಾನಿಸಬೇಕೆಂಬ ಆದೇಶವಾಗಿ ಕಾಣಬಹುದು.

ಇಲ್ಲಿ ತೀರ್ಪನ್ನು ಬಿಡಬಾರದು. ತೀರ್ಪೇ ಇಲ್ಲಿನ ಸಂದೇಶ. ಅದನ್ನು ತೆಗಳಿಕೆಯ ರೂಪದಿಂದ ಬಿಡಿಸಿ ನೇರವಾಗಿ ಹೇಳಬೇಕು, ಮತ್ತು ಯಾವುದಕ್ಕೆ ಮೆಚ್ಚುಗೆ ಎಂಬ ವಿವರ ಸೇರಿಸಬೇಕು: ‘ಮೂರು ದಿನ ಬೇಕೆಂದುಕೊಂಡಿದ್ದ ಪರಿಶೀಲನೆಯನ್ನು ನೀವು ಒಂದೇ ದಿನದಲ್ಲಿ ಮುಗಿಸಿದಿರಿ. ಇದರಿಂದ ಪರೀಕ್ಷಾರ್ಥ ಮುದ್ರಣಕ್ಕೆ ನಮಗೆ ಎರಡು ದಿನ ಹೆಚ್ಚು ಸಿಕ್ಕಿತು.’ ವಿವರವಿಲ್ಲದ ‘ಅದ್ಭುತ ಕೆಲಸ’ ಎಂಬ ಹೊಗಳಿಕೆಯನ್ನು ವ್ಯಂಗ್ಯವೆಂದು ಓದಲು ಸಾಧ್ಯವಿದೆ. ಎರಡು ದಿನ ಸಿಕ್ಕಿತು ಎಂಬುದನ್ನು ಹಾಗೆ ಓದುವುದು ಕಷ್ಟ.

ತನ್ನನ್ನೇ ಹಳಿದುಕೊಳ್ಳುವ ವ್ಯಂಗ್ಯವನ್ನೂ ಲಘುವಾಗಿ ಕಾಣಬೇಡಿ. ‘ನನ್ನಂಥ ದಡ್ಡನಿಗೆ ಇನ್ನೊಮ್ಮೆ ವಿವರಿಸಿ’ ಎಂಬುದು, ನಿಮ್ಮ ವಿವರಣೆ ಸರಿಯಿರಲಿಲ್ಲ ಎಂಬ ಆಕ್ಷೇಪವಾಗಿ ತಲುಪಬಹುದು. ‘ಎರಡನೆಯ ಭಾಗ ನನಗೆ ಅರ್ಥವಾಗಲಿಲ್ಲ, ಒಂದು ಉದಾಹರಣೆ ಕೊಡುವಿರಾ?’ ಎಂದರೆ ಕೆಲಸವಾಗುತ್ತದೆ.

## ಬೇರೊಬ್ಬರ ಸಾಲನ್ನು ತಿದ್ದುವಾಗ

ಮೇಲಧಿಕಾರಿಯ ಅಥವಾ ಗೆಳೆಯರ ಸಂದೇಶವನ್ನು ನೀವು ತಿದ್ದುತ್ತಿದ್ದರೆ, ಅಥವಾ ಬೇರೆ ಭಾಷೆಗೆ ತರುತ್ತಿದ್ದರೆ, ಹಂತ 2ರ ಮೂರು ಪಾಲುಗಳನ್ನು ನೀವೇ ಊಹಿಸಬೇಡಿ. ಬರೆದವರನ್ನೇ ಕೇಳಿ. ಅವರು ಆ ಸಾಲನ್ನು ಬೇಕೆಂದೇ ಕಟುವಾಗಿಟ್ಟಿರಬಹುದು. ಆಗ ಅದನ್ನು ಸದ್ದಿಲ್ಲದೆ ಮೆದು ಮಾಡುವುದು ಅವರ ನಿರ್ಧಾರವನ್ನು ನಿಮ್ಮ ಕೈಗೆ ತೆಗೆದುಕೊಂಡಂತೆ. ಕಟು ಮಾತೇ ಬೇಕೆಂದರೆ ಅದನ್ನೂ ನೇರವಾಗಿ ಬರೆಯಬಹುದು: ‘ಈ ವಿಳಂಬ ನಮಗೆ ಒಪ್ಪಿಗೆಯಿಲ್ಲ.’ ಇದು ಕಠಿಣ ವಾಕ್ಯ, ಆದರೆ ಇದರಲ್ಲಿ ಅವಹೇಳನವಿಲ್ಲ, ಎರಡು ಅರ್ಥಗಳೂ ಇಲ್ಲ.

## ಸಾಲು ಆಗಲೇ ಹೋಗಿಬಿಟ್ಟಿದ್ದರೆ

ಗಾಯವಾಗಿದೆ ಎಂಬುದಕ್ಕೆ ಕೆಲವು ಸೂಚನೆಗಳಿವೆ. ಎಂದಿನಂತೆ ಉತ್ತರಿಸುತ್ತಿದ್ದವರು ಒಂದೇ ಸಾಲಿನಲ್ಲಿ ಉತ್ತರಿಸುತ್ತಾರೆ. ಹೆಸರಿನ ಬದಲು ಔಪಚಾರಿಕ ಸಂಬೋಧನೆ ಬರುತ್ತದೆ. ತಮ್ಮ ಮೇಲಧಿಕಾರಿಗೂ ಪ್ರತಿ ಕಳಿಸತೊಡಗುತ್ತಾರೆ. ತಪ್ಪಿಗಿಂತ ದೊಡ್ಡದಾದ ಕ್ಷಮಾಪಣೆ ಬರುತ್ತದೆ. ಈ ಕೊನೆಯದನ್ನು ಅನೇಕರು ವಿನಯವೆಂದು ಭಾವಿಸಿ ಸುಮ್ಮನಾಗುತ್ತಾರೆ. ಯಾವ ಸೂಚನೆಯೂ ಇಲ್ಲದೆ ‘ಸರಿ, ಧನ್ಯವಾದಗಳು’ ಎಂಬ ಹರ್ಷದ ಉತ್ತರ ಬಂದರೆ, ಎರಡನೆಯ ಬಗೆಯ ಕೇಡು, ಅಂದರೆ ಪದಶಃ ಓದುವಿಕೆ, ನಡೆದಿದೆ ಎಂದು ತಿಳಿಯಬೇಕು.

ಎರಡು ಸಂದರ್ಭಗಳಲ್ಲಿಯೂ ಅದೇ ದಿನ ಇನ್ನೊಂದು ಸಂದೇಶ ಕಳಿಸಬೇಕು. ಮೂಲ ಸಂದೇಶ ಎಷ್ಟು ಜನರಿಗೆ ಹೋಗಿತ್ತೋ ಅಷ್ಟೇ ಜನರಿಗೆ ಇದೂ ಹೋಗಬೇಕು. ‘ಅದು ತಮಾಷೆ’ ಎಂದು ವಿವರಿಸಲು ಹೋಗಬೇಡಿ. ಆ ವಿವರಣೆ ನೊಂದವರ ಮೇಲೆ ತಮಾಷೆ ತಿಳಿಯದವರು ಎಂಬ ಇನ್ನೊಂದು ಆರೋಪ ಹೊರಿಸುತ್ತದೆ. ‘ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ’ ಎಂಬುದರಲ್ಲಿ ‘ಆಗಿದ್ದರೆ’ ಎಂಬ ಷರತ್ತು ಅದೇ ಕೆಲಸ ಮಾಡುತ್ತದೆ. ಸಂದೇಶ ಇಷ್ಟಿದ್ದರೆ ಸಾಕು:

> ಇಂದು ಬೆಳಿಗ್ಗೆ ನಾನು ಬರೆದ ಎರಡು ಸಾಲುಗಳು ಸರಿಯಾಗಿರಲಿಲ್ಲ, ಕ್ಷಮಿಸಿ. ನಾನು ಕೇಳಬೇಕಿದ್ದದ್ದು ಇದು: 4ನೇ ಮತ್ತು 7ನೇ ಕಾಲಂಗಳ ಅಂಕಿಗಳನ್ನು ಸೋಮವಾರ ನಿಮ್ಮ ಸಮಯದ ಮಧ್ಯಾಹ್ನ 12 ಗಂಟೆಯೊಳಗೆ ಕಳಿಸಲು ಸಾಧ್ಯವೇ? ಅವನ್ನು ನಾವು ಊಹಿಸಿ ತುಂಬುವುದಿಲ್ಲ.

ಕೊನೆಯ ವಾಕ್ಯವನ್ನು ಬಿಡಬೇಡಿ. ಕ್ಷಮೆ ಕೇಳುವ ಭರದಲ್ಲಿ ಮೊದಲ ಸಂದೇಶದ ತಪ್ಪು ಮಾಹಿತಿಯನ್ನು ಹಿಂತೆಗೆದುಕೊಳ್ಳಲು ಮರೆಯುವವರೇ ಹೆಚ್ಚು. ಇದಾದ ಮೇಲೂ ಉತ್ತರದ ಧಾಟಿ ಬದಲಾಗದಿದ್ದರೆ ಮೂರನೆಯ ಇಮೇಲ್ ಬರೆಯುವ ಬದಲು ಫೋನ್ ಮಾಡಿ, ಮೊದಲು ಕಾಲಂಗಳ ವಿಷಯವನ್ನೇ ಮಾತಾಡಿ.